6 ಸೆಕೆಂಡಿಗೆ 30 ಅಕ್ಷರ

ಕೋಲಾರದ ಟೊಮೆಟೊ ಬೆಳೆಗಾರರಿಗೆ ತೋರಿಸೋಕೆ ಅಂತ ಡ್ರಿಪ್ ಫಿಲ್ಟರ್ ತೊಳೆಯುವ ವಿಡಿಯೊ ಒಂದರ ಕನ್ನಡ ಸ್ಕ್ರಿಪ್ಟ್ ನನ್ನ ಪಾಲಿಗೆ ಬಂತು. ಇಂಗ್ಲಿಷ್ ಧ್ವನಿ 3 ನಿಮಿಷ 10 ಸೆಕೆಂಡ್ ಇತ್ತು. ಅನಿಮೇಷನ್ ಅದಕ್ಕೆ ಹೊಂದಿಸಿ ಆಗಲೇ ಮುಗಿದಿತ್ತು. ನಾನು ಅನುವಾದಿಸಿದ್ದನ್ನು ಓದಿಸಿ ನೋಡಿದರೆ 4 ನಿಮಿಷ 20 ಸೆಕೆಂಡ್! ವೇಗವಾಗಿ ಓದು ಅಂದಿದ್ದಕ್ಕೆ ಧ್ವನಿ ಕೊಡೋ ಹುಡುಗಿ, "ಉಸಿರು ಎಲ್ಲಿ ತಗೊಳ್ಳಲಿ ಅಣ್ಣಾ?" ಅಂದಳು. ರೆಕಾರ್ಡಿಂಗನ್ನೇ ಸಾಫ್ಟ್‌ವೇರ್‌ನಲ್ಲಿ ಓಡಿಸಿ ನೋಡಿದೆ. ಒಂದೂಕಾಲು ಪಟ್ಟಿಗೆ ಹೋಗುವಷ್ಟರಲ್ಲಿ ಒತ್ತಕ್ಷರಗಳೆಲ್ಲ ನುಂಗಿಹೋಗಿ ಹರಾಜು ಕೂಗಿದ ಹಾಗೆ ಕೇಳಿಸಿತು.

ನಾನು ಮಾಡಿದ ತಪ್ಪು ಪದ ಎಣಿಸಿದ್ದು. ಇಂಗ್ಲಿಷಿನವರು ನಿಮಿಷಕ್ಕೆ ಸುಮಾರು 150 ಪದ ಅಂತ ಲೆಕ್ಕ ಹಾಕುತ್ತಾರೆ, ನಾನೂ ಹಾಗೇ ಹಾಕಿದೆ. ಒಂದು ಸಾಲು ನೋಡಿ. ಫಿಲ್ಟರ್ ತೆರೆಯುವ ಮೊದಲು ವಾಲ್ವ್ ಮುಚ್ಚಿ ಅಂತ ಹೇಳುವ ಜಾಗ ಅದು, ಇಂಗ್ಲಿಷಿನಲ್ಲಿ 16 ಪದ, 6 ಸೆಕೆಂಡ್. ನಾನು ಬರೆದಿದ್ದು: "ಫಿಲ್ಟರನ್ನು ತೆರೆಯುವುದಕ್ಕೆ ಮುಂಚಿತವಾಗಿ ಮುಖ್ಯ ಕವಾಟವನ್ನು ಮುಚ್ಚಬೇಕು ಮತ್ತು ಒತ್ತಡವು ಶೂನ್ಯಕ್ಕೆ ಇಳಿಯುವವರೆಗೆ ಕಾಯಬೇಕು." ಬರೀ 11 ಪದ. ಕಾಗದದ ಮೇಲೆ ಚಿಕ್ಕದಾಗೇ ಕಾಣುತ್ತೆ. ಆದರೆ ನಮ್ಮ ಒಂದೊಂದು ಪದದ ಬಾಲಕ್ಕೂ ವಿಭಕ್ತಿ, ಕಾಲ, "ವರೆಗೆ", "ಬೇಕು" ಎಲ್ಲ ಅಂಟಿಕೊಂಡಿರುತ್ತೆ. ಬಾಯಲ್ಲಿ ಹೇಳಿದಂತೆ ಅಕ್ಷರ ಎಣಿಸಿದರೆ 46.

ಆಮೇಲೆ ಅಳತೆಗೋಲು ಬದಲಾಯಿಸಿದೆ. ಆ ಹುಡುಗಿ ಹಿಂದೆ ಆರಾಮಾಗಿ ಓದಿದ್ದ ಒಂದು ನಿಮಿಷದ ಧ್ವನಿ ತೆಗೆದುಕೊಂಡು ಅಕ್ಷರ ಎಣಿಸಿದೆ: 330. ಅಂದರೆ ಸೆಕೆಂಡಿಗೆ ಐದೂವರೆ. ಎಣಿಸುವಾಗ ಸ್ವರ ಎಷ್ಟು ಕೇಳುತ್ತೋ ಅಷ್ಟೇ ಲೆಕ್ಕ. "ಮುಚ್ಚಿ" ಎರಡು, "ವಾಲ್ವ್" ಒಂದು. ಸ್ಕೂಲಲ್ಲಿ ಪ್ರಸ್ತಾರ ಹಾಕಿದ ಹಾಗೆ ಲಘು-ಗುರು ನೋಡೋದು ಬೇಕಿಲ್ಲ, ಸರಾಸರಿಯಲ್ಲಿ ಸರಿಹೋಗುತ್ತೆ. ಇದು ಅವಳ ವೇಗ ಮಾತ್ರ, ಬೇರೆಯವರು ಓದಿದರೆ ಮತ್ತೆ ಅಳೆಯಬೇಕು. 6 ಸೆಕೆಂಡಿನಲ್ಲಿ ಅರ್ಧ ಸೆಕೆಂಡ್ ಉಸಿರಿಗೆ ಬಿಟ್ಟರೆ ಆ ಸಾಲಿಗೆ ಸಿಗೋದು 30 ಅಕ್ಷರ. ನಂದು 46, ಅಂದರೆ ಎಂಟು ಸೆಕೆಂಡಿಗೂ ಮೇಲೆ.

ಕೊನೆಗೆ ಉಳಿದದ್ದು: "ಫಿಲ್ಟರ್ ಬಿಚ್ಚುವ ಮುಂಚೆ ಮೇನ್ ವಾಲ್ವ್ ಮುಚ್ಚಿ. ಮುಳ್ಳು ಸೊನ್ನೆಗೆ ಇಳಿಯಲಿ." 20 ಅಕ್ಷರ. "ಕವಾಟ" ಅಂತ ನಮ್ಮ ಕಡೆ ತೋಟದಲ್ಲಿ ಯಾರೂ ಅನ್ನಲ್ಲ, ಹೋಗಿದ್ದಕ್ಕೆ ನಷ್ಟವಿಲ್ಲ. "ಮತ್ತು" ಇದ್ದ ಕಡೆ ಪೂರ್ಣವಿರಾಮ ಬಂತು. ಒತ್ತಡ ಅನ್ನೋದನ್ನೂ ಬಿಟ್ಟೆ, ಮೀಟರಿನ ಮುಳ್ಳು ಪರದೆಯ ಮೇಲೇ ಇದೆಯಲ್ಲ. ಉಳಿದ ಎರಡು ಸೆಕೆಂಡ್ ತುಂಬಿಸಲು ಹೋಗಲಿಲ್ಲ. ಮುಳ್ಳು ಇಳಿಯೋದನ್ನು ಜನ ಸುಮ್ಮನೆ ನೋಡಲಿ ಅಂತ.

ಉದ್ದಕ್ಕಿಂತ ಹೆಚ್ಚು ಕಾಡಿದ್ದು ಸಾಲಿನೊಳಗಿನ ಕ್ರಮ. ಒತ್ತಡ ತೋರಿಸುವ ಎರಡು ಮೀಟರ್‌ಗಳ ನಡುವೆ ಅರ್ಧ ಕೆಜಿ ವ್ಯತ್ಯಾಸ ಬಂದರೆ ಜಾಲರಿ ತೊಳೆಯಬೇಕು ಅನ್ನುವ ಮಾತು. ಇಂಗ್ಲಿಷಿನಲ್ಲಿ ತೊಳೆಯುವ ಮಾತು ಮೊದಲು, ಮೀಟರ್ ಆಮೇಲೆ. ಚಿತ್ರವೂ ಹಾಗೇ: ಮೊದಲು ಜಾಲರಿ ಹೊರಗೆ ಬರುತ್ತೆ, ಆಮೇಲೆ ಮೀಟರ್‌ಗಳು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಮೀಟರ್ ಅನ್ನುವಾಗ ಜಾಲರಿ ಕಾಣುತ್ತೆ, ತೊಳೆಯಿರಿ ಅನ್ನುವಾಗ ಮೀಟರ್! ಸಮಯ ಸರಿಯಿದ್ದರೂ ನೋಡುವವನಿಗೆ ಗೊಂದಲ. ಅದನ್ನು ಪ್ರಶ್ನೆ ಮಾಡಿದೆ: "ಜಾಲರಿ ತೊಳೆಯೋದು ಯಾವಾಗ? ಎರಡು ಮೀಟರ್‌ಗೂ ಅರ್ಧ ಕೆಜಿ ವ್ಯತ್ಯಾಸ ಬಂದಾಗ." ಚಿತ್ರದ ಹಿಂದೆಯೇ ಮಾತು ಹೋಯಿತು.

ಇದೇ ಸಾಲಿನಲ್ಲಿ ಅಂಕಿಯೂ ಮೋಸ ಮಾಡಿತ್ತು. ಸ್ಕ್ರಿಪ್ಟಿನಲ್ಲಿ 0.5 kg/cm² ಅಂತ ಪುಟ್ಟದಾಗಿ ಕೂತಿದ್ದು "ಸೊನ್ನೆ ಪಾಯಿಂಟ್ ಐದು ಕೆಜಿ ಪ್ರತಿ ಚದರ ಸೆಂಟಿಮೀಟರ್‌ಗೆ" ಅಂತ ಬಾಯಿಗೆ ಬಂದರೆ 18 ಅಕ್ಷರ, ಮೂರು ಸೆಕೆಂಡ್ ಅಲ್ಲೇ ಖರ್ಚು. "ಅರ್ಧ ಕೆಜಿ" ಅಂದರೆ ನಾಲ್ಕು. ಪೂರ್ತಿ ಅಳತೆ ಪರದೆಯ ಮೇಲೆ ಬರೆದೇ ಇತ್ತು. ಅಲ್ಲಿಂದ ನಾನು ಎಣಿಸುವ ಮೊದಲು ಅಂಕಿಗಳನ್ನೆಲ್ಲ ಅಕ್ಷರದಲ್ಲಿ ಬಿಡಿಸಿ ಬರೆಯುತ್ತೇನೆ.

ಒಂದೇ ಒಂದು ಸಾಲು ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ. ಪೈಪಿನ ಉಪ್ಪು ಕರಗಿಸಲು ಆಸಿಡ್ ಬಿಡುವ ಭಾಗ, ಕೊಟ್ಟಿದ್ದು 3 ಸೆಕೆಂಡ್. "ನೀರಿಗೆ ಆಸಿಡ್ ಸುರಿಯಿರಿ. ಆಸಿಡ್‌ಗೆ ನೀರು ಸುರಿಯಬೇಡಿ." ಎರಡು ಮಾತೂ ಬೇಕು, ನಿಧಾನವಾಗಿಯೂ ಓದಬೇಕು, ಉಲ್ಟಾ ಆದರೆ ಆಸಿಡ್ ಮುಖಕ್ಕೆ ಸಿಡಿಯುತ್ತೆ. ಅಲ್ಲಿ ಎಡಿಟರ್‌ಗೆ ಫೋನ್ ಮಾಡಿ, 2:14ರಲ್ಲಿ ಬಕೆಟ್ ಕಾಣೋ ಕೊನೆ ಫ್ರೇಮ್ ಎರಡು ಸೆಕೆಂಡ್ ಹಿಡಿದಿಡಿ ಸಾರ್, ಅಂದೆ. ಇಡೀ ವಿಡಿಯೊದಲ್ಲಿ ಕೇಳಿದ್ದು ಅದೊಂದೇ ಆದ್ದರಿಂದ ಅವರು ಗೊಣಗದೆ ಕೊಟ್ಟರು.