ತಿಂಡಿ ತಿಂದವರಿಗೆ ಹನ್ನೊಂದು ಅಂಕ ಹೆಚ್ಚು: ಶಾಲಾ ಪ್ರಾಜೆಕ್ಟ್ ಒಂದನ್ನು ಪರಿಶೀಲಿಸಿದ ನನ್ನ ಅನುಭವ

ಮಂಡ್ಯದ ಕಾಲೇಜೊಂದರಲ್ಲಿ ನಾನು ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಮೂರು ವಾರ ಇರುವಾಗ ಪರಿಚಿತರಾದ ಪ್ರೌಢಶಾಲಾ ಶಿಕ್ಷಕಿಯೊಬ್ಬರು ತಮ್ಮ ಒಂಬತ್ತನೇ ತರಗತಿಯ ಮಕ್ಕಳು ಮಾಡಿದ ಪ್ರಾಜೆಕ್ಟ್ ಅನ್ನು ಒಮ್ಮೆ ನೋಡಿಕೊಡಬೇಕೆಂದು ಕೇಳಿದರು. ಚಾರ್ಟಿನ ಮೇಲೆ ಕೆಂಪು ಅಕ್ಷರದಲ್ಲಿ “ಬೆಳಗಿನ ತಿಂಡಿ ಗಣಿತದ ಅಂಕವನ್ನು ಹೆಚ್ಚಿಸುತ್ತದೆ” ಎಂದು ಬರೆದಿತ್ತು. ಅದರ ಕೆಳಗೆ ಎರಡು ಕಂಬಗಳ ಚಿತ್ರವಿತ್ತು: ತಿಂಡಿ ತಿಂದು ಬರುವ 48 ಮಕ್ಕಳ ಸರಾಸರಿ 62, ತಿನ್ನದೆ ಬರುವ 32 ಮಕ್ಕಳ ಸರಾಸರಿ 51. ಪಕ್ಕದಲ್ಲಿ, ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂದು ತೋರಿಸುವ ಸಹಸಂಬಂಧ ಗುಣಾಂಕ 0.36 ಎಂದೂ ಕಾಣಿಸಿದ್ದರು. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. “ಹೆಚ್ಚಿಸುತ್ತದೆ” ಎಂಬ ಒಂದು ಕ್ರಿಯಾಪದ ಮಾತ್ರ ಆ ಲೆಕ್ಕದಿಂದ ಬಂದದ್ದಾಗಿರಲಿಲ್ಲ.

ಚಾರ್ಟನ್ನು ಬದಿಗಿಟ್ಟು ಮೂಲ ಹಾಳೆಯನ್ನು ಕೇಳಿದೆ. ಇಂತಹ ಕೆಲಸದಲ್ಲಿ ನಾನು ಸರಾಸರಿಗಳಿಂದ ಆರಂಭಿಸುವುದಿಲ್ಲ. ಮಕ್ಕಳನ್ನು ಯಾವ ಮಾತಿನಲ್ಲಿ ಏನೆಂದು ಕೇಳಿದ್ದರು ಎಂಬುದನ್ನು ಮೊದಲು ನೋಡುತ್ತೇನೆ. ಇಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ದಿನಾ ಬೆಳಿಗ್ಗೆ ತಿಂಡಿ ತಿಂದು ಬರುತ್ತೀರಾ?” ಉತ್ತರ ಹೌದು ಅಥವಾ ಇಲ್ಲ. ತಂಡದಲ್ಲಿದ್ದ ಕೆರಗೋಡು ಕಡೆಯ ಹುಡುಗಿಯೊಬ್ಬಳ ಹೆಸರಿನ ಮುಂದೆಯೇ “ಇಲ್ಲ” ಎಂದಿತ್ತು. ಖಾಲಿ ಹೊಟ್ಟೆಯಲ್ಲಿ ಬರುತ್ತೀಯೇನಮ್ಮ ಎಂದು ವಿಚಾರಿಸಿದಾಗ ಅವಳು, “ತಿಂಡಿ ತಿನ್ನಾಕಿಲ್ಲ ಸಾ, ಉಂಡ್ಕಂಡ್ ಬತ್ತೀನಿ” ಎಂದಳು. ಅವಳ ಮನೆಯಲ್ಲಿ ಬೆಳಿಗ್ಗೆ ಮುದ್ದೆಯನ್ನೋ ಅನ್ನವನ್ನೋ ಉಣ್ಣುತ್ತಾರೆ. ತಿನ್ನುವುದು ಎಂದರೆ ಅವಳಿಗೆ ಇಡ್ಲಿ, ದೋಸೆ, ಉಪ್ಪಿಟ್ಟು. ಪ್ರಶ್ನೆ ಬರೆದದ್ದು ಪೇಟೆಯ ಹುಡುಗ, ಉತ್ತರಿಸಿದ್ದು ಹಳ್ಳಿಯ ಹುಡುಗಿ. ಇಬ್ಬರೂ ನಿಜವನ್ನೇ ಹೇಳಿದ್ದರೂ ಹಾಳೆಯಲ್ಲಿ ಸುಳ್ಳು ದಾಖಲಾಗಿತ್ತು.

“ಮನೆಯಿಂದ ಹೊರಡುವ ಮುನ್ನ ಹಾಲು, ಕಾಫಿ ಬಿಟ್ಟು ಏನನ್ನಾದರೂ ತಿಂದಿದ್ದೀರಾ ಅಥವಾ ಉಂಡಿದ್ದೀರಾ?” ಎಂದು ಮತ್ತೆ ಕೇಳಿಸಿದೆ. ಏಳು ಮಕ್ಕಳು “ಇಲ್ಲ”ದಿಂದ “ಹೌದು”ಗೆ ಬಂದರು, ಏಳೂ ಮಂದಿ ಬಸ್ಸಿನಲ್ಲಿ ಬರುವವರೇ. ಈಗ ಉಂಡವರು 55, ಅವರ ಸರಾಸರಿ 60. ಉಣ್ಣದವರು 25, ಅವರ ಸರಾಸರಿ 52ಕ್ಕೆ ತುಸು ಕಡಿಮೆ. ಅಂತರ ಹನ್ನೊಂದರಿಂದ ಎಂಟೂವರೆಗೆ ಇಳಿಯಿತು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಈ ಶಾಲೆಗೂ ಬರುತ್ತದೆ. ಅದನ್ನು ಕುಡಿದವನ ಹೊಟ್ಟೆ ಖಾಲಿಯೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ. ಹಾಲು ಎರಡೂ ಗುಂಪಿಗೆ ಸಿಗುವುದರಿಂದ ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ಬಳಿಕ ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ಹಾಳೆಯಲ್ಲಿ B ಕಾಲಂ ತಿಂಡಿಯದು (ಹೌದು ಎಂದರೆ 1, ಇಲ್ಲ ಎಂದರೆ 0), D ಕಾಲಂ ಅಂಕದ್ದು. ಅವರು ಗುಣಾಂಕ ತೆಗೆದಿದ್ದ ಸೂತ್ರದಲ್ಲಿ ಎರಡು ಕಾಲಂಗಳ ಜಾಗವನ್ನು ಅದಲುಬದಲು ಮಾಡಲು ಹೇಳಿದೆ:

```
=CORREL(B2:B81,D2:D81)
=CORREL(D2:D81,B2:B81)
```

ಎರಡೂ ಸಾಲಿನಲ್ಲಿ ಒಂದೇ ಸಂಖ್ಯೆ ಬಂತು. ಒಬ್ಬ ಹುಡುಗ ತಾನು ತಪ್ಪು ಟೈಪಿಸಿರಬೇಕೆಂದು ಮತ್ತೊಮ್ಮೆ ಮಾಡಿ ನೋಡಿದ. ತಿಂಡಿಯಿಂದ ಅಂಕ ಬಂದಿದ್ದರೂ, ಅಂಕದಿಂದ ತಿಂಡಿ ಬಂದಿದ್ದರೂ, ಎರಡೂ ಬೇರೊಂದರಿಂದ ಬಂದಿದ್ದರೂ ಆ ಸಂಖ್ಯೆ ಅಷ್ಟೇ ಇರುತ್ತದೆ. ದಿಕ್ಕು ಅದರೊಳಗೆ ಇಲ್ಲ. ಇದನ್ನು ನಾನು ಕಾಲೇಜಿನಲ್ಲಿ ಕರಿಹಲಗೆಯ ಮೇಲೆ ಸೂತ್ರ ಬಿಡಿಸಿ ವಿವರಿಸುತ್ತೇನೆ. ಆ ಹುಡುಗನಿಗೆ ಅಷ್ಟು ಬೇಕಾಗಲಿಲ್ಲ.

ಹಾಗಾದರೆ ಆ “ಬೇರೊಂದು” ಯಾವುದು? ಏಳು ಮಕ್ಕಳ ವಿಷಯದಲ್ಲೇ ಅದರ ಸುಳಿವು ಸಿಕ್ಕಿತ್ತು. 80 ಮಕ್ಕಳಲ್ಲಿ 44 ಮಂದಿ ಪೇಟೆಯವರು, ನಡೆದೋ ಸೈಕಲ್ಲಿನಲ್ಲೋ ಬರುತ್ತಾರೆ. 36 ಮಂದಿ ಕೆರಗೋಡು, ಬಸರಾಳು ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ. ಬಸ್ಸು ಹಿಡಿಯಬೇಕಾದವರು ಡೈರಿಗೆ ಹಾಲು ಹಾಕಿ, ಏಳು ಗಂಟೆ ದಾಟುತ್ತಿದ್ದಂತೆ ರಸ್ತೆಗೆ ಬರಬೇಕು. ಒಲೆಯ ಮೇಲೆ ಏನೂ ಆಗಿರದಿದ್ದರೆ ಹಾಗೆಯೇ ಹೊರಡುತ್ತಾರೆ. C ಕಾಲಂನಲ್ಲಿ ಬಸ್ಸಿನವರಿಗೆ 1, ಪೇಟೆಯವರಿಗೆ 0 ತುಂಬಿಸಿ, ಪೇಟೆಯವರನ್ನು ಪೇಟೆಯವರ ಜೊತೆಗೂ ಬಸ್ಸಿನವರನ್ನು ಬಸ್ಸಿನವರ ಜೊತೆಗೂ ಹೋಲಿಸುವಂತೆ ನಾಲ್ಕು ಸರಾಸರಿಗಳನ್ನು ತೆಗೆಸಿದೆ. ಪೇಟೆಯ, ಉಂಡು ಬರುವ ಮಕ್ಕಳ ಸರಾಸರಿಗೆ ಸೂತ್ರ ಹೀಗೆ:

```
=AVERAGEIFS(D2:D81,B2:B81,1,C2:C81,0)
```

ಪೇಟೆಯಲ್ಲಿ ಉಂಡು ಬರುವ 38 ಮಕ್ಕಳ ಸರಾಸರಿ 65, ಉಣ್ಣದ 6 ಮಕ್ಕಳದ್ದು 63. ಬಸ್ಸಿನವರಲ್ಲಿ ಉಂಡು ಬರುವ 17 ಮಕ್ಕಳದ್ದು 49, ಉಣ್ಣದ 19 ಮಕ್ಕಳದ್ದು 48. ಎಂಟೂವರೆ ಅಂಕದ ಅಂತರ ಪ್ರತಿಯೊಂದು ಗುಂಪಿನೊಳಗೆ ಎರಡಕ್ಕೋ ಒಂದಕ್ಕೋ ಬಂದು ನಿಂತಿತ್ತು.

ಮಕ್ಕಳು ಇದನ್ನು ಕಣ್ಕಟ್ಟಿನಂತೆ ನೋಡಿದರು. ಅಂತರ ಎಲ್ಲಿಗೆ ಹೋಯಿತು ಎಂಬುದನ್ನು ಕಾಗದದ ಮೇಲೆ ಲೆಕ್ಕ ಮಾಡಿಸದಿದ್ದರೆ ಅವರು ನನ್ನ ಮಾತನ್ನು ನಂಬಿಕೆಯ ಮೇಲೆ ಒಪ್ಪಬೇಕಾಗುತ್ತಿತ್ತು, ಅದು ನನಗೆ ಬೇಡವಾಗಿತ್ತು. ತಿಂಡಿಗೂ ಅಂಕಕ್ಕೂ ಸಂಬಂಧವೇ ಇಲ್ಲ ಎಂದು ಒಂದು ಗಳಿಗೆ ಇಟ್ಟುಕೊಳ್ಳಿ, ಪೇಟೆಯ ಪ್ರತಿ ಮಗುವಿಗೂ 65, ಬಸ್ಸಿನ ಪ್ರತಿ ಮಗುವಿಗೂ 49 ಕೊಡಿ ಎಂದೆ. ಉಂಡವರ ಗುಂಪಿನಲ್ಲಿ ಪೇಟೆಯವರು 38, ಬಸ್ಸಿನವರು 17. ಒಟ್ಟು ಕೂಡಿ 55ರಿಂದ ಭಾಗಿಸಿದರೆ ಸರಾಸರಿ 60. ಉಣ್ಣದವರಲ್ಲಿ ಪೇಟೆಯವರು 6, ಬಸ್ಸಿನವರು 19. ಸರಾಸರಿ 53ರ ಹತ್ತಿರ. ತಿಂಡಿ ಏನೂ ಮಾಡದಿದ್ದರೂ ಕೇವಲ ಬೆರಕೆಯ ಪ್ರಮಾಣದಿಂದಲೇ ಏಳು ಅಂಕದ ಅಂತರ ಹುಟ್ಟುತ್ತದೆ. ಉಳಿದ ಒಂದೂವರೆಯ ಮೇಲೆ ಕೆಂಪು ಅಕ್ಷರದ ಚಾರ್ಟು ನಿಲ್ಲುವುದಿಲ್ಲ. ಪೇಟೆಯ ಆ ಆರು ಮಕ್ಕಳಲ್ಲಿ ಒಬ್ಬನಿಗೆ ಹನ್ನೆರಡು ಅಂಕ ಹೆಚ್ಚು ಬಂದಿದ್ದರೂ ಅಲ್ಲಿನ ಎರಡು ಅಂಕದ ವ್ಯತ್ಯಾಸ ಮಾಯವಾಗುತ್ತಿತ್ತು.

ಆ ಆರು ಮಕ್ಕಳನ್ನು ನಾನು ಬೇರೆಯಾಗಿ ಮಾತನಾಡಿಸಿದೆ, ಏಕೆಂದರೆ ಮನೆ ಹತ್ತಿರವಿದ್ದೂ ಇವರು ಏಕೆ ಉಣ್ಣದೆ ಬರುತ್ತಾರೆ ಎಂಬುದು ಅರ್ಥವಾಗಿರಲಿಲ್ಲ. ನಾಲ್ವರು ಬೆಳಿಗ್ಗೆ ಆರೂವರೆಗೆ ಟ್ಯೂಷನ್ನಿಗೆ ಹೋಗಿ ಅಲ್ಲಿಂದ ನೇರವಾಗಿ ಶಾಲೆಗೆ ಬರುವವರು. ಯಾವಾಗಿನಿಂದ ಎಂದು ಕೇಳಿದರೆ, ಎಂಟನೇ ತರಗತಿಯಲ್ಲಿ ಗಣಿತದಲ್ಲಿ ಕಡಿಮೆ ಬಂದ ಮೇಲೆ ಅಪ್ಪ ಸೇರಿಸಿದರು ಎಂದರು. ಇಲ್ಲಿ ಅಂಕ ಮೊದಲು ಇಳಿದು, ತಿಂಡಿ ಆಮೇಲೆ ತಪ್ಪಿದೆ. ಸೂತ್ರದಲ್ಲಿ ಕಾಲಂಗಳನ್ನು ಅದಲುಬದಲು ಮಾಡಿದ್ದು ಆಟವಾಗಿರಲಿಲ್ಲ ಎಂಬುದು ಮಕ್ಕಳಿಗೆ ಹೊಳೆದದ್ದು ಆಗ. ಯಾವುದು ಮೊದಲು ನಡೆಯಿತು ಎಂಬ ಪ್ರಶ್ನೆಯನ್ನು ಹಾಳೆ ನೋಡಿ ಬಗೆಹರಿಸಲಾಗುವುದಿಲ್ಲ, ಆ ಮಗುವನ್ನೇ ಕೇಳಬೇಕು.

ಮರುವಾರ ಹೋದಾಗ ಹೊಸ ಚಾರ್ಟು ಸಿದ್ಧವಾಗಿತ್ತು: “ಬಸ್ಸಿನ ಪ್ರಯಾಣ ಗಣಿತದ ಅಂಕವನ್ನು ಕಡಿಮೆ ಮಾಡುತ್ತದೆ.” ನನಗೆ ನಗು ಬಂತು, ಜೊತೆಗೆ ನನ್ನ ಮೇಲೆಯೇ ಸ್ವಲ್ಪ ಬೇಸರವೂ ಆಯಿತು. ಒಂದು ಹೆಸರನ್ನು ತೆಗೆದು ಇನ್ನೊಂದು ಹೆಸರನ್ನು ಅದೇ ಖಾಲಿ ಜಾಗದಲ್ಲಿ ಕೂರಿಸಿದ್ದರು. ಬಸ್ಸು ಎಂಬುದು ಇಲ್ಲಿ ಒಂದು ಹಣೆಪಟ್ಟಿ ಮಾತ್ರ. ಅದರ ಹಿಂದೆ ಯಾವ ಪ್ರಾಥಮಿಕ ಶಾಲೆಯಿಂದ ಬಂದರು, ಸಂಜೆ ಓದಲು ಎಷ್ಟು ಹೊತ್ತು ಸಿಗುತ್ತದೆ, ಮೊದಲ ಪೀರಿಯಡ್ಡಿಗೆ ಮುಟ್ಟುತ್ತಾರೋ ಇಲ್ಲವೋ ಎಂಬಂಥ ಹತ್ತು ಸಂಗತಿಗಳು ಇವೆ. ಶಿಕ್ಷಕಿ ಆಗ ನೆನಪಿಸಿದ್ದು ಕೊನೆಯದನ್ನು: “ಸರ್, ವಾರದಲ್ಲಿ ನಾಲ್ಕು ದಿನ ಮೊದಲ ಪೀರಿಯಡ್ಡೇ ಗಣಿತ. ಬಸ್ಸಿನ ಮಕ್ಕಳು ಒಳಗೆ ಬರುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ.”

ಇದು ಪರೀಕ್ಷಿಸಿ ನೋಡಬಹುದಾದ ಊಹೆ. ಮೊದಲ ಪೀರಿಯಡ್ಡು ತಪ್ಪುವುದೇ ಕಾರಣವಾದರೆ ಮಧ್ಯಾಹ್ನ ನಡೆಯುವ ವಿಷಯದಲ್ಲಿ ಪೇಟೆ ಮತ್ತು ಬಸ್ಸಿನ ಮಕ್ಕಳ ಅಂತರ ಕಿರಿದಾಗಿರಬೇಕು. ಸಮಾಜ ವಿಜ್ಞಾನದ ಅಂಕಗಳನ್ನು ತರಿಸಿ ನೋಡಿದೆವು: ಗಣಿತದಲ್ಲಿ 16 ಇದ್ದ ಅಂತರ ಅಲ್ಲಿ 7. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಇದೇ ಮಕ್ಕಳು ಎಂಟನೇ ತರಗತಿಗೆ ಸೇರಿದ ಹೊಸತರಲ್ಲಿ, ಈ ವೇಳಾಪಟ್ಟಿಯ ಗಾಳಿ ಸೋಕುವ ಮೊದಲೇ, ಬರೆದ ಗಣಿತದ ಕಿರುಪರೀಕ್ಷೆಯ ಹಾಳೆಯೂ ಶಿಕ್ಷಕಿಯ ಬಳಿ ಇತ್ತು, ಅದರಲ್ಲಿ ಅಂತರ ಆಗಲೇ 10 ಇತ್ತು. ಅಂದರೆ ಪೀರಿಯಡ್ಡು ತಪ್ಪುವುದು ಹೆಚ್ಚೆಂದರೆ ಉಳಿದ ಆರಕ್ಕೆ ಕಾರಣವಾಗಿರಬಹುದು. ಹಿಂದಿನಿಂದಲೇ ಬಂದ ಹತ್ತಕ್ಕೆ ಅದು ಕಾರಣವಾಗಲಾರದು.

ಇಷ್ಟಾದ ಮೇಲೆ ತಂಡದ ಒಬ್ಬ, ಹಾಗಾದರೆ ಸಹಸಂಬಂಧದಿಂದ ಏನೂ ತಿಳಿಯುವುದಿಲ್ಲವೆಂದು ಬರೆಯೋಣವೇ ಎಂದು ಕೇಳಿದ. ಈ ಅತಿಗೆ ದೊಡ್ಡವರೇ ಬಿದ್ದಿದ್ದಾರೆ. 1950ರಲ್ಲಿ ಬ್ರಿಟನ್ನಿನ ಸಂಶೋಧಕರಾದ ಡಾಲ್ ಮತ್ತು ಹಿಲ್ ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧ ಕಂಡಾಗ, ನಮ್ಮ ಶಾಸ್ತ್ರದ ದಿಗ್ಗಜನಾದ ಫಿಷರ್, ಎರಡಕ್ಕೂ ಕಾರಣವಾದ ಆನುವಂಶಿಕ ಗುಣವೊಂದು ಇರಬಹುದಲ್ಲ ಎಂದು ವಾದಿಸಿದ. ಆಕ್ಷೇಪಣೆ ನ್ಯಾಯವಾದದ್ದೇ, ಆದರೆ ಸೋತಿತು: ಹೆಚ್ಚು ಸೇದಿದವರಿಗೆ ಹೆಚ್ಚು ರೋಗ, ಬಿಟ್ಟವರಲ್ಲಿ ಅಪಾಯ ಇಳಿಕೆ, ಸೇದುವವರನ್ನು ಮೊದಲೇ ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸಿದಾಗಲೂ ಅದೇ ಫಲಿತಾಂಶ. ಪ್ರಶ್ನೆಯನ್ನು ಬೇರೆ ಬೇರೆ ಕಡೆಯಿಂದ ಕೇಳಿದಾಗಲೂ ಉತ್ತರ ಅಲುಗದಿದ್ದರೆ ಸಂಬಂಧಕ್ಕೆ ತೂಕ ಬರುತ್ತದೆ. ನಮ್ಮ ತಿಂಡಿಯ ಉತ್ತರ ಮೊದಲ ಬಾರಿ ಕೇಳಿದಾಗಲೇ ಅಲುಗಿತ್ತು.

ಕೊನೆಗೆ ಚಾರ್ಟಿನ ತಲೆಬರಹ “ನಮ್ಮ ತರಗತಿಯಲ್ಲಿ ಉಂಡು ಬರುವವರ ಅಂಕ ಹೆಚ್ಚು, ಏಕೆ?” ಎಂದಾಯಿತು. ಕೆಳಗೆ ನಾಲ್ಕು ಸರಾಸರಿಗಳ ಕೋಷ್ಟಕ, ತಪ್ಪಾಗಿ ಕೇಳಿದ ಪ್ರಶ್ನೆ ಮತ್ತು ತಿದ್ದಿದ ಪ್ರಶ್ನೆ ಅಕ್ಕಪಕ್ಕ. ಮಕ್ಕಳನ್ನು ಉಪವಾಸ ಕೆಡವಿ ಪ್ರಯೋಗ ಮಾಡಲು ಸಾಧ್ಯವಿಲ್ಲ, ಮಾಡಲೂಬಾರದು. ವೇಳಾಪಟ್ಟಿಯನ್ನು ಬದಲಿಸಬಹುದು. ತರಗತಿಯಲ್ಲಿ 40 ಮಕ್ಕಳ ಎರಡು ವಿಭಾಗಗಳಿವೆ, ಎರಡರಲ್ಲೂ ಬಸ್ಸಿನ ಮಕ್ಕಳಿದ್ದಾರೆ, ಗಣಿತಕ್ಕೆ ಇಬ್ಬರಿಗೂ ಒಬ್ಬರೇ ಮೇಷ್ಟ್ರು. ಯಾವ ವಿಭಾಗದ ಗಣಿತವನ್ನು ಮೂರನೇ ಪೀರಿಯಡ್ಡಿಗೆ ಸರಿಸಬೇಕೆಂದು ಮುಖ್ಯೋಪಾಧ್ಯಾಯರ ಎದುರಿನಲ್ಲಿ ಚೀಟಿ ಎತ್ತಿದೆವು. “ಬಿ” ವಿಭಾಗ ಬಂತು. ಮುಂದಿನ ಪರೀಕ್ಷೆಯಲ್ಲಿ ನಾವು ನೋಡಬೇಕಾದದ್ದು ಯಾವ ವಿಭಾಗದ ಸರಾಸರಿ ಹೆಚ್ಚು ಎಂಬುದನ್ನಲ್ಲ, “ಬಿ”ಯಲ್ಲಿ ಪೇಟೆಗೂ ಬಸ್ಸಿಗೂ ಇರುವ ಅಂತರ “ಎ”ಯಲ್ಲಿರುವುದಕ್ಕಿಂತ ಕಿರಿದಾಗಿದೆಯೇ ಎಂಬುದನ್ನು. ಇದನ್ನು ಪರೀಕ್ಷೆಗೆ ಮೊದಲೇ ಒಂದು ಹಾಳೆಯಲ್ಲಿ ಬರೆಸಿ, ದಿನಾಂಕ ಹಾಕಿಸಿ, ಶಿಕ್ಷಕಿಯ ಬೀರುವಿನಲ್ಲಿ ಇರಿಸಿದ್ದೇವೆ.