ಅರ್ಜಿಯ ಮೊದಲ ಸಾಲು: ನಾನು ತಿದ್ದುವ ರೀತಿ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಪತ್ರ, ಬಾಂಡ್, ಜೆರಾಕ್ಸ್ ಜೊತೆಗೆ ಕೆಲಸದ ಅರ್ಜಿಗಳೂ ಬರುತ್ತವೆ. ಪತ್ತಿನ ಸಹಕಾರ ಸಂಘ, ಕನ್ನಡ ಮಾಧ್ಯಮದ ಖಾಸಗಿ ಶಾಲೆ, ಊರಿನ ಸಣ್ಣಪುಟ್ಟ ಸಂಸ್ಥೆಗಳಿಗೆ ಹೋಗುವ ಈ ಅರ್ಜಿಗಳು ಕನ್ನಡದಲ್ಲೇ ಇರುತ್ತವೆ. ಪೂರ್ತಿ ಪತ್ರ ತಿದ್ದುತ್ತಾ ಕೂರಲು ನನಗೆ ಪುರುಸೊತ್ತು ಇರುವುದಿಲ್ಲ. ಆದರೆ ಮೊದಲ ಸಾಲನ್ನು ಮಾತ್ರ ನೋಡದೆ ಪ್ರಿಂಟ್ ಕೊಡುವುದಿಲ್ಲ. ಓದುವವರು ಅಲ್ಲೇ ತಡವರಿಸಿದರೆ ಮುಂದಿನದನ್ನು ಅನುಮಾನದಿಂದಲೇ ಓದುತ್ತಾರೆ.

ಈಚೆಗೆ ಒಬ್ಬ ಹುಡುಗಿ ಸಹಕಾರ ಸಂಘವೊಂದರ ಗುಮಾಸ್ತರ ಕೆಲಸಕ್ಕೆ ಅರ್ಜಿ ತಂದಿದ್ದಳು. ಅಣ್ಣನ ಹಳೆಯ ಅರ್ಜಿ ನೋಡಿಕೊಂಡು ಬರೆದದ್ದು. ಮೊದಲ ಸಾಲು ಹೀಗಿತ್ತು:

"ತಮ್ಮ ಸಂಘದಲ್ಲಿ ಎರಡು ಗುಮಾಸ್ತರ ಹುದ್ದೆಗಳು ಖಾಲಿ ಇದೆ ಎಂದು ಪತ್ರಿಕೆಯಲ್ಲಿ ನೋಡಿರುತ್ತೇನೆ, ಬಿ.ಕಾಂ. ಪದವೀಧರನಾದ ನಾನು 2021ರಿಂದ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದ್ದು, ಟ್ಯಾಲಿಯಲ್ಲಿ ಮೂರು ವರ್ಷದ ಅನುಭವ ಇರುತ್ತದೆ."

ಇದರಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ಕಂಪ್ಯೂಟರ್‌ನ ಕೆಂಪು ಗೆರೆಯೂ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಪದವೂ ಸರಿಯೇ. ಕರ್ತೃವಿಗೂ ಕ್ರಿಯಾಪದಕ್ಕೂ ತಾಳೆ ಬೀಳುತ್ತಿಲ್ಲ, ಅಷ್ಟೇ.

ನಾನು ಮಾಡುವುದು ಇಷ್ಟು. ಸಾಲಿನಲ್ಲಿರುವ ಕ್ರಿಯಾಪದಗಳಿಗೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆಯುತ್ತೇನೆ. ಇಲ್ಲಿ ನಾಲ್ಕು ಸಿಕ್ಕವು: ಇದೆ, ನೋಡಿರುತ್ತೇನೆ, ಮಾಡಿದ್ದು, ಇರುತ್ತದೆ. ಒಂದೊಂದಕ್ಕೂ ಎರಡೇ ಪ್ರಶ್ನೆ. ಯಾರು ಅಥವಾ ಯಾವುದು? ಯಾವಾಗ?

ಮೊದಲನೆಯದು "ಇದೆ". ಏನು ಇದೆ? ಹುದ್ದೆಗಳು. ಬಹುವಚನ, ಹಾಗಾಗಿ "ಇವೆ" ಆಗಬೇಕು. ಇಲ್ಲಿ ನನಗೊಂದು ಮಜಾ ಕಾಣುತ್ತದೆ. ನಮ್ಮ ಕಡೆಯವರು ಬಾಯಲ್ಲಿ ಈ ತಪ್ಪನ್ನು ಮಾಡುವುದೇ ಇಲ್ಲ. "ಹುದ್ದೆ ಎಷ್ಟು ಖಾಲಿ ಅದಾವವಾ?" ಎಂದು ಕೇಳಿದೆ. "ಎರಡು ಅದಾವ್ರಿ ಕಾಕಾ" ಅಂದಳು. "ಐತಿ" ಅನ್ನಲಿಲ್ಲ. ಐತಿ ಅಂದರೆ ಇದೆ, ಅದಾವ ಅಂದರೆ ಇವೆ. ಬಾಯಿಗೆ ಗೊತ್ತಿರುವುದು ಪೆನ್ನು ಹಿಡಿದ ಕೂಡಲೇ ಮರೆತುಹೋಗುತ್ತದೆ. ಅದಕ್ಕೇ ಅನುಮಾನ ಬಂದಾಗ ಸಾಲನ್ನು ಮನೆಮಾತಿನಲ್ಲಿ ಹೇಳಿಸುತ್ತೇನೆ. ಅದಾವ ಅಂದರೆ ಇವೆ ಎಂದು ಟೈಪ್ ಮಾಡುತ್ತೇನೆ.

ಎರಡನೆಯದು "ನೋಡಿರುತ್ತೇನೆ". ಕಚೇರಿ ಪತ್ರಗಳಲ್ಲಿ ಇದು ಎಷ್ಟು ಜಾಸ್ತಿ ಎಂದರೆ, ಹೀಗೆ ಬರೆದರೇನೇ ಮರ್ಯಾದೆ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ "ಇಷ್ಟೊತ್ತಿಗೆ ಬಸ್ ಬಿಟ್ಟಿರುತ್ತದೆ" ಎನ್ನುವಾಗ ನಾವು ಬಸ್ಸನ್ನು ಕಂಡಿರುವುದಿಲ್ಲ, ಊಹೆ ಮಾಡುತ್ತಿರುತ್ತೇವೆ. "ಅವರು ಸಂಜೆ ಅಂಗಡಿ ಮುಚ್ಚಿರುತ್ತಾರೆ" ಎಂದರೆ ದಿನಾ ನಡೆಯುವ ಮಾತು. ಒಮ್ಮೆ ಪತ್ರಿಕೆಯಲ್ಲಿ ಕಂಡದ್ದಕ್ಕೆ ಊಹೆಯೂ ಬೇಡ, ರೂಢಿಯೂ ಬೇಡ. ನೋಡಿದೆ, ಇಲ್ಲವೇ ನೋಡಿದ್ದೇನೆ. ಮನೆಯಲ್ಲಿ ಯಾರೂ "ಪೇಪರ್‌ನ್ಯಾಗ ನೋಡಿರ್ತೇನಿ" ಅನ್ನುವುದಿಲ್ಲ, ಅಲ್ವಾ? "ನೋಡೀನಿ" ಅನ್ನುತ್ತಾರೆ. ಸರ್ಕಾರಿ ನಮೂನೆಯಲ್ಲಿ ಅಚ್ಚಾಗಿಯೇ ಬಂದ "ಇರುತ್ತೇನೆ"ಗಳನ್ನು ನಾನು ಮುಟ್ಟುವುದಿಲ್ಲ. ಅದು ಅವರ ನಮೂನೆ. ನಾವಾಗಿ ಬರೆಯುವ ಪತ್ರಕ್ಕೆ ಆ ಹಂಗಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು "2021ರಿಂದ ಕೆಲಸ ಮಾಡಿದ್ದು" ಎಂಬ ತುಂಡು. "ಮಾಡಿದ್ದು" ಎಂದು ಬರೆದು ಅಲ್ಪವಿರಾಮ ಹಾಕಿದರೆ ಯಾರು ಮಾಡಿದರು, ಈಗಲೂ ಮಾಡುತ್ತಿದ್ದಾರೋ ಬಿಟ್ಟಿದ್ದಾರೋ, ಒಂದೂ ಗೊತ್ತಾಗುವುದಿಲ್ಲ. ಬರೀ "2021ರಿಂದ" ಎಂದಿದ್ದರೆ ಓದುವವರು ಇನ್ನೂ ಅಲ್ಲೇ ಇದ್ದಾಳೆ ಎಂದುಕೊಳ್ಳುತ್ತಾರೆ. "ಮಾಡಿದ್ದು" ಎಂದರೆ ಮುಗಿದ ಹಾಗೆ ಕೇಳಿಸುತ್ತದೆ. ಮನೆಮಾತಿನ ಉಪಾಯವೂ ಇಲ್ಲಿ ಕೈಕೊಡುತ್ತದೆ. "ಅಲ್ಲಿ ಕೆಲಸ ಮಾಡೀನಿ" ಎಂದರೆ ಆಯಿತು, ಬಿಟ್ಟದ್ದು ಯಾವಾಗ ಎಂಬುದು ಅದರಲ್ಲಿ ಬರುವುದಿಲ್ಲ. ಹಾಗಾಗಿ ಅವಳನ್ನೇ ಕೇಳಬೇಕಾಯಿತು.

"ಇನ್ನೂ ಅಲ್ಲೇ ಮಾಡಾಕತ್ತೀಯೇನವಾ?"

"ಇಲ್ರಿ ಕಾಕಾ, ಬಿಟ್ಟೀನ್ರಿ. 2024ರ ಮಾರ್ಚ್ ತನಕ ಇದ್ದೆ."

ಇನ್ನೂ ಅಲ್ಲೇ ಇದ್ದಿದ್ದರೆ "2021ರಿಂದ ಕೆಲಸ ಮಾಡುತ್ತಿದ್ದೇನೆ" ಎಂದು ಬರೆಯಬಹುದಿತ್ತು. ಬಿಟ್ಟಿರುವುದರಿಂದ "2021ರಿಂದ 2024ರ ಮಾರ್ಚ್‌ವರೆಗೆ ಕೆಲಸ ಮಾಡಿದೆ" ಆಯಿತು. ಇದು ಬರೀ ವ್ಯಾಕರಣದ ತಂಟೆಯಲ್ಲ. "ಮಾಡುತ್ತಿದ್ದೇನೆ" ಎಂದು ಕಳಿಸಿ, ಅನುಭವ ಪತ್ರದಲ್ಲಿ 2024 ಎಂದಿದ್ದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅದೇ ಬರುತ್ತದೆ. ಅನುಭವ ಪತ್ರ ತೆಗೆಸಿ ತಿಂಗಳು ತಾಳೆ ನೋಡಿಯೇ ಟೈಪ್ ಮಾಡಿದೆ.

ಕೊನೆಯ "ಇರುತ್ತದೆ" ಹಿಂದಿನ "ನಾನು"ವಿಗೆ ಜೋತುಬಿದ್ದಿತ್ತು. ನಾನು ಕೆಲಸ ಮಾಡಿದ್ದು, ಅನುಭವ ಇರುತ್ತದೆ. ಯಾರಿಗೆ? ಕೆಲಸ ಮಾಡುವುದು "ನಾನು", ಅನುಭವ ಇರುವುದು "ನನಗೆ". ಕರ್ತೃ ಬದಲಾದ ಮೇಲೆ ಅದನ್ನು ಬಾಯಿಬಿಟ್ಟು ಹೇಳಬೇಕು. ಈ ತಾಪತ್ರಯ ತಪ್ಪಿಸಲು ವಾಕ್ಯ ಒಡೆಯುವುದೇ ಸುಲಭ. ಕೆಲವರು ಇಲ್ಲಿ "ನಾನು ಅನುಭವ ಇದ್ದೇನೆ" ಎಂದೂ ಬರೆದು ತರುತ್ತಾರೆ. "ನನಗೆ" ಇದ್ದಾಗ ಕ್ರಿಯಾಪದ ಅನುಭವದ ಹಿಂದೆ ಹೋಗುತ್ತದೆ: ನನಗೆ ಅನುಭವ ಇದೆ.

ಇನ್ನು ಕ್ರಿಯಾಪದಕ್ಕೆ ಗೆರೆ ಎಳೆದರೂ ಸಿಗದ ಒಂದು ತಪ್ಪಿತ್ತು: "ಪದವೀಧರನಾದ ನಾನು". ಅಣ್ಣನ ಅರ್ಜಿಯಿಂದ ಹಾಗೇ ಇಳಿದು ಬಂದದ್ದು. ಕನ್ನಡದಲ್ಲಿ "ಮಾಡುತ್ತೇನೆ" ಎಂದರೆ ಹೇಳುತ್ತಿರುವುದು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಹಾಗಾಗಿ ಬೇರೆಯವರ ಅರ್ಜಿ ನಕಲು ಮಾಡಿದರೂ ಕ್ರಿಯಾಪದಗಳು ಜೀರ್ಣವಾಗಿಬಿಡುತ್ತವೆ. ಸಿಕ್ಕಿಬೀಳುವುದು "ನಾದ", "ನಾಗಿ" ಎಂದು ಕೊನೆಯಾಗುವ ಪದಗಳಲ್ಲಿ. ನಕಲು ಎಂದು ಗೊತ್ತಾದರೆ ನಾನು ಅವನ್ನು ಬೇರೆಯಾಗಿ ಹುಡುಕುತ್ತೇನೆ. "ಪದವೀಧರೆಯಾದ" ಎಂದು ತಿದ್ದಬಹುದು. ನನಗೆ ಇಷ್ಟವಾದದ್ದು "ಬಿ.ಕಾಂ. ಮುಗಿಸಿದ ನಾನು". ಅಲ್ಲಿ ಲಿಂಗದ ಗೊಡವೆಯೇ ಇಲ್ಲ.

ಕೊನೆಗೆ ಅರ್ಜಿ ಹೀಗೆ ಶುರುವಾಯಿತು:

"ತಮ್ಮ ಸಂಘದಲ್ಲಿ ಎರಡು ಗುಮಾಸ್ತರ ಹುದ್ದೆಗಳು ಖಾಲಿ ಇವೆ ಎಂಬ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೋಡಿ ಈ ಅರ್ಜಿ ಸಲ್ಲಿಸುತ್ತಿದ್ದೇನೆ. ಬಿ.ಕಾಂ. ಮುಗಿಸಿದ ನಾನು 2021ರಿಂದ 2024ರ ಮಾರ್ಚ್‌ವರೆಗೆ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದೆ. ಟ್ಯಾಲಿಯಲ್ಲಿ ನನಗೆ ಮೂರು ವರ್ಷದ ಅನುಭವ ಇದೆ."

"ನೋಡಿ" ಎಂದು ಸೇರಿಸಿದ ಮೇಲೆ ಅದನ್ನೂ ಕೇಳಿ ನೋಡಿದೆ. ನೋಡಿದ್ದು ಯಾರು? ನಾನು. ಸಲ್ಲಿಸುತ್ತಿರುವುದು ಯಾರು? ನಾನು. ಇಬ್ಬರೂ ಒಬ್ಬರೇ ಆದದ್ದರಿಂದ ಅದು ನಿಂತಿತು. "ಪ್ರಕಟಣೆ ನೋಡಿ ನನಗೆ ಅರ್ಜಿ ಹಾಕುವ ಮನಸ್ಸಾಗಿದೆ" ಎಂದು ಬರೆದಿದ್ದರೆ ಮತ್ತೆ ಒಡೆಯಬೇಕಾಗುತ್ತಿತ್ತು.

ಹುಡುಗಿ ಓದಿ, "ಭಾಳ ಸಾದಾ ಆತಲ್ರಿ ಕಾಕಾ" ಅಂದಳು. "ಇರುತ್ತೇನೆ" ಹೋದದ್ದು ಅವಳಿಗೆ ಸ್ವಲ್ಪ ಬೇಜಾರು. ಬೇಕಾದರೆ ಕೊನೆಯಲ್ಲಿ "ತಮ್ಮ ವಿಶ್ವಾಸಿ" ಎಂದು ಗತ್ತಾಗಿ ಹಾಕೋಣ ಅಂದೆ. ಎರಡು ಪ್ರತಿ ತೆಗೆದುಕೊಂಡು ಹೋದಳು, ಒಂದು ಸಂಘಕ್ಕೆ, ಇನ್ನೊಂದು ಸಂದರ್ಶನಕ್ಕೆ ಮುಂಚೆ ಓದಿಕೊಳ್ಳಲು.