ಸಲೂನ್ ರೇಟ್ ಕಾರ್ಡ್ ಸರಿಮಾಡುವುದು ಹೇಗೆ? ಕಲರ್ ಪುಟದಿಂದ ಶುರು ಮಾಡಿ

ಒಂದು ಸಂಜೆ ಕೌಂಟರ್‌ನಲ್ಲಿ ನಿಂತಿದ್ದೆ. ಒಬ್ಬರು ರೇಟ್ ಕಾರ್ಡ್ ಮೇಲೆ ಬೆರಳಿಟ್ಟು ಕೇಳಿದರು: "ಗ್ಲೋಬಲ್ ಕಲರ್ ಅಂದ್ರೆ ತಲೆಪೂರ್ತಿ ಬಣ್ಣ ಹಾಕೋದಾ?" ಹೌದು ಅಂದೆ. ಬೆರಳು ಎರಡು ಸಾಲು ಕೆಳಗೆ ಜಾರಿತು. "ಹಾಗಾದ್ರೆ ಈ ಫುಲ್ ಹೆಡ್ ಕಲರ್ ಯಾವ್ದು?" ಅದೂ ಅದೇ ಕೆಲಸ. ಒಂದನ್ನು ಮೊದಲಿನಿಂದ ಮಾಡುತ್ತಿದ್ದೆವು, ಇನ್ನೊಂದು ಹೊಸ ಬ್ರ್ಯಾಂಡ್ ತರಿಸಿದಾಗ ಸೇರಿಕೊಂಡ ಸಾಲು. ದರ ಮಾತ್ರ ಬೇರೆ ಬೇರೆ. ಅವರಿಗೆ ಕಡಿಮೆ ದರವನ್ನೇ ಹಾಕಿದೆ, ಆದರೂ ಮುಖದ ಮೇಲೆ ಬಂದ ಅನುಮಾನ ಹೋಗಲಿಲ್ಲ. ಆ ವಾರವೇ ಕಾರ್ಡ್ ಬಿಚ್ಚಿಕೊಂಡು ಕೂತೆ.

ಇಡೀ ಕಾರ್ಡ್ ಒಂದೇ ಸಲ ಸರಿಮಾಡಲು ಹೋಗಬೇಡಿ. ಕೂದಲ ಬಣ್ಣದ ಪುಟದಿಂದ ಶುರು ಮಾಡಿ. ಜಾಸ್ತಿ ಗೊಂದಲ ಇರುವುದು ಅಲ್ಲೇ. ಒಂದೇ ಕೆಲಸಕ್ಕೆ ನಾಲ್ಕು ಹೆಸರು, ಕೂದಲ ಉದ್ದಕ್ಕೆ ತಕ್ಕಂತೆ ಸಾಮಾನಿನ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ, ಎರಡು ಮೂರು ಗಂಟೆ ಹಿಡಿಯುವ ಕೆಲಸ. ಈ ಪುಟ ಸರಿಹೋದರೆ ಸ್ಪಾ, ಫೇಶಿಯಲ್, ವ್ಯಾಕ್ಸಿಂಗ್ ಪುಟಗಳಿಗೂ ಅದೇ ದಾರಿ ಸಾಕಾಗುತ್ತದೆ.

ಮೊದಲು ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ಕೈಗೆ ಕೊಡುವ ಕಾರ್ಡ್, ಗೋಡೆಯ ಬೋರ್ಡ್, ಬುಕಿಂಗ್ ಪುಟ, ಬಿಲ್ಲಿಂಗ್ ಸಾಫ್ಟ್‌ವೇರ್, ಫೋನಿನಲ್ಲಿ ಗಿರಾಕಿಗಳಿಗೆ ಕಳಿಸುವ ಫೋಟೊ. ಈ ಐದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಐದೂ ಒಂದೇ ಥರ ಇರುವುದು ತುಂಬಾ ಅಪರೂಪ. ಹಾಳೆಯಲ್ಲಿ ಪ್ರತಿ ಸಾಲಿಗೂ ಐದು ವಿಷಯ ಬರೆಯಿರಿ: ಹೆಸರು, ಈಗಿನ ದರ, ಸ್ಟೈಲಿಸ್ಟ್ ಕೈ ಓಡುವ ನಿಮಿಷ, ಬಣ್ಣ ಹಿಡಿಯಲಿ ಅಂತ ಸುಮ್ನೆ ಕಾಯುವ ನಿಮಿಷ, ಖರ್ಚಾಗುವ ಸಾಮಾನು. ನಿಮಿಷಗಳನ್ನು ಅಂದಾಜಿನಲ್ಲಿ ಬರೆಯಬೇಡಿ. ಒಂದು ವಾರ ಗಡಿಯಾರ ನೋಡಿ ಬರೆದುಕೊಳ್ಳಿ, ಯಾಕೆಂದರೆ ಕೊನೆಯ ವಾಶ್ ಮತ್ತು ಬ್ಲೋ ಡ್ರೈ ಸಮಯವನ್ನು ಎಲ್ಲರೂ ಮರೆಯುತ್ತಾರೆ.

ಕಳೆದ ಮೂರು ತಿಂಗಳ ಬಿಲ್‌ಗಳನ್ನೂ ತೆಗೆದು ನೋಡಿ. ಒಮ್ಮೆಯೂ ಬಿಲ್ ಆಗದ ಸಾಲುಗಳು ಸಿಗುತ್ತವೆ. ಅವನ್ನು ತೆಗೆಯುವ ಮುಂಚೆ ಸ್ಟೈಲಿಸ್ಟ್‌ಗಳನ್ನು ಕೇಳಿ. ಕೆಲವೊಮ್ಮೆ ಕೆಲಸ ನಡೆದಿರುತ್ತದೆ, ಬಿಲ್ ಬೇರೆ ಹೆಸರಿನಲ್ಲಿ ಆಗಿರುತ್ತದೆ. ನಮ್ಮಲ್ಲಿ ಟೋನರ್ ಹಾಗೇ ಆಗಿತ್ತು. ಪ್ರತಿ ಹೈಲೈಟ್ಸ್ ಜೊತೆಗೂ ಹಾಕುತ್ತಿದ್ದರು, ಆದರೆ ಅದಕ್ಕೆ ದುಡ್ಡೇ ತೆಗೆದುಕೊಳ್ಳುತ್ತಿರಲಿಲ್ಲ.

ಗುಂಪು ಮಾಡುವುದು

ಬ್ರ್ಯಾಂಡ್ ಹೆಸರಿನಲ್ಲಿ ಗುಂಪು ಮಾಡಬೇಡಿ. ಒಳಗೆ ಬರುವವರ ತಲೆಯಲ್ಲಿ ಬ್ರ್ಯಾಂಡ್ ಇರುವುದಿಲ್ಲ, ಒಂದು ಬಯಕೆ ಇರುತ್ತದೆ: ಬಿಳಿ ಕೂದಲು ಕಾಣಬಾರದು, ತಲೆಪೂರ್ತಿ ಬಣ್ಣ ಬದಲಾಗಬೇಕು, ಅಲ್ಲಲ್ಲಿ ತಿಳಿ ಬಣ್ಣ ಬೇಕು, ಇಲ್ಲವೇ ಕೆಟ್ಟುಹೋದ ಬಣ್ಣ ಸರಿಯಾಗಬೇಕು. ಈ ನಾಲ್ಕೇ ತಲೆಬರಹ ಸಾಕು. ಟಚ್ ಅಪ್ ಮೊದಲನೆಯದಕ್ಕೆ ಸೇರುತ್ತದೆ. ಗ್ಲೋಬಲ್, ಫುಲ್ ಹೆಡ್ ಎರಡೂ ಒಂದೇ ಸಾಲಾಗಿ ಎರಡನೆಯದರಲ್ಲಿ ಕೂರುತ್ತವೆ. ಹೈಲೈಟ್ಸ್, ಬಾಲಯಾಜ್ ಮೂರನೆಯದು. ಬಣ್ಣ ತೆಗೆಯುವುದು, ತಿದ್ದುವುದು ನಾಲ್ಕನೆಯದು.

ಅಮೋನಿಯಾ ಇಲ್ಲದ ಬಣ್ಣಕ್ಕೆ ಬೇರೆ ಗುಂಪು ಬೇಡ. ಅದು ಬೇರೆ ಕೆಲಸ ಅಲ್ಲ, ಅದೇ ಕೆಲಸಕ್ಕೆ ಬೇರೆ ಸಾಮಾನು. ಪುಟದ ಕೆಳಗೆ "ಅಮೋನಿಯಾ ಇಲ್ಲದ ಬಣ್ಣ ಬೇಕಿದ್ದರೆ ಹೆಚ್ಚುವರಿ ಇಷ್ಟು" ಅಂತ ಒಂದೇ ಸಾಲು ಹಾಕಿದರೆ, ಆರು ಸಾಲು ಹನ್ನೆರಡಾಗುವುದು ತಪ್ಪುತ್ತದೆ.

ಗುಂಪು ಸರಿಯಾಯಿತೇ ಅಂತ ನೋಡಲು ಸುಲಭ ದಾರಿ ಇದೆ. ಒಂದೊಂದು ಸೇವೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಸಲೂನ್ ಕೆಲಸ ಗೊತ್ತಿಲ್ಲದ ಯಾರಾದರೂ ಮೂವರ ಕೈಗೆ ಕೊಟ್ಟು, ನಾಲ್ಕು ತಲೆಬರಹದ ಕೆಳಗೆ ಜೋಡಿಸಲು ಹೇಳಿ. ನೀವು ಮಧ್ಯೆ ಬಾಯಿ ಹಾಕಬೇಡಿ. ಮೂವರಲ್ಲಿ ಇಬ್ಬರು ಒಂದು ಚೀಟಿಯನ್ನು ತಪ್ಪು ಜಾಗಕ್ಕೆ ಇಟ್ಟರೆ ಆ ಚೀಟಿಯ ಹೆಸರೇ ಸರಿ ಇಲ್ಲ ಅಂತ.

ವಿವರ ಬರೆಯುವುದು

ಗಿರಾಕಿಗಳು ಎಲ್ಲೋ ಕೇಳಿಕೊಂಡು ಬಂದಿರುವ ಹೆಸರನ್ನು ಕಿತ್ತುಹಾಕಬೇಡಿ. ಬಾಲಯಾಜ್ ಅಂತ ಹುಡುಕುವವರಿಗೆ ಆ ಪದ ಕಣ್ಣಿಗೆ ಬೀಳಬೇಕು. ಹೆಸರಿನ ಕೆಳಗೆ ಎರಡು ಮೂರು ಪುಟ್ಟ ವಾಕ್ಯ ಇರಲಿ: ಏನು ಮಾಡುತ್ತೀರಿ, ಎಷ್ಟು ಹೊತ್ತು, ದರದಲ್ಲಿ ಏನೇನು ಸೇರಿದೆ.

ನಮ್ಮ ಹಳೆಯ ಕಾರ್ಡ್‌ನಲ್ಲಿ ಹೀಗಿತ್ತು: "ರೂಟ್ ಟಚ್ ಅಪ್ – ಕಳೆದುಹೋದ ಯೌವನದ ಹೊಳಪನ್ನು ಮರಳಿ ಪಡೆಯಿರಿ." ಇದನ್ನು ಓದಿ ಯಾರಿಗೂ ಏನೂ ತಿಳಿಯುವುದಿಲ್ಲ. ಈಗ ಹೀಗಿದೆ: "ರೂಟ್ ಟಚ್ ಅಪ್ – ಹಿಂದಿನ ಸಲ ಬಣ್ಣ ಹಾಕಿದ ನಂತರ ಬುಡದಲ್ಲಿ ಹೊಸದಾಗಿ ಬೆಳೆದ ಕೂದಲಿಗೆ ಮಾತ್ರ ಬಣ್ಣ. ಬೆಳೆದಿರುವುದು ಎರಡು ಬೆರಳಗಲಕ್ಕಿಂತ ಜಾಸ್ತಿ ಇದ್ದರೆ ತಲೆಪೂರ್ತಿ ಬಣ್ಣದ ದರ. ಸುಮಾರು ಒಂದೂವರೆ ಗಂಟೆ. ವಾಶ್ ಮತ್ತು ಒಣಗಿಸುವುದು ಸೇರಿದೆ, ಕಟಿಂಗ್ ಸೇರಿಲ್ಲ." ಆ ಎರಡು ಬೆರಳಗಲದ ಮಾತು ಬರೆದ ಮೇಲೆ ಕೌಂಟರ್‌ನಲ್ಲಿ ನಡೆಯುತ್ತಿದ್ದ ಅರ್ಧ ವಾದ ನಿಂತುಹೋಯಿತು.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. "ಅಮೋನಿಯಾ ಇಲ್ಲ, ಅಲರ್ಜಿ ಇಲ್ಲ" ಅಂತ ಎಷ್ಟೋ ಕಾರ್ಡ್‌ಗಳಲ್ಲಿ ಬರೆದಿರುತ್ತಾರೆ. ಅದು ತಪ್ಪು. ಅಮೋನಿಯಾ ಇಲ್ಲದಿದ್ದರೆ ವಾಸನೆ ಕಡಿಮೆ ಇರುತ್ತದೆ, ಅಷ್ಟೆ. ಅದರ ಜಾಗದಲ್ಲಿ ಸಾಮಾನ್ಯವಾಗಿ ಎಥನಾಲಮೈನ್ ಥರದ ಇನ್ನೊಂದು ಕ್ಷಾರ ಇರುತ್ತದೆ. ಹೆಚ್ಚಿನ ಅಲರ್ಜಿಗೆ ಕಾರಣ ಬಣ್ಣ ಕೊಡುವ ಪಿಪಿಡಿ ಮತ್ತು ಅದರ ಬಳಗದ ರಾಸಾಯನಿಕಗಳು. ಅವು ಅಮೋನಿಯಾ ಇಲ್ಲದ ಟ್ಯೂಬ್‌ನಲ್ಲೂ ಇರಬಹುದು. ಹಾಗಾಗಿ ಪುಟದ ಮೇಲ್ಗಡೆಯೇ, ಎಲ್ಲ ಬಣ್ಣಕ್ಕೂ ಅನ್ವಯಿಸುವ ಹಾಗೆ, "ಬಣ್ಣ ಹಾಕುವ 48 ಗಂಟೆ ಮುಂಚೆ ಪ್ಯಾಚ್ ಟೆಸ್ಟ್ ಮಾಡಬೇಕು" ಅಂತ ಬರೆಯಿರಿ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ ಅಂತಲೂ ಬರೆದರೆ ಜನ ನಿಜವಾಗಿ ಬಂದು ಮಾಡಿಸಿಕೊಳ್ಳುತ್ತಾರೆ.

ದರ: ಎಲ್ಲಕ್ಕೂ ಒಂದೇ ಲೆಕ್ಕ

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಪಕ್ಕದ ಸಲೂನ್ ನೋಡಿ ದರ ಹಾಕಿದರೆ ಒಂದೊಂದು ಸಾಲೂ ಒಂದೊಂದು ದಿಕ್ಕಿಗೆ ಹೋಗುತ್ತದೆ. ಬದಲಿಗೆ ಒಂದು ಲೆಕ್ಕ ಇಟ್ಟುಕೊಂಡು ಎಲ್ಲ ಸಾಲಿಗೂ ಅದನ್ನೇ ಹಾಕಿ. ಇಲ್ಲಿ ಹಣದ ಬದಲು ಯೂನಿಟ್ ಅಂತ ಹೇಳುತ್ತೇನೆ, ನಿಮ್ಮ ಬಾಡಿಗೆ, ಸಂಬಳ, ಲಾಭ ನೋಡಿಕೊಂಡು ನಿಮ್ಮ ಅಂಕಿ ಹಾಕಿಕೊಳ್ಳಿ. ಕೈ ಓಡುವ ನಿಮಿಷಕ್ಕೆ 2 ಯೂನಿಟ್. ಕಾಯುವ ನಿಮಿಷಕ್ಕೆ 1, ಯಾಕೆಂದರೆ ಕುರ್ಚಿ ಹಿಡಿದಿದ್ದರೂ ಸ್ಟೈಲಿಸ್ಟ್ ಇನ್ನೊಬ್ಬರನ್ನು ನೋಡಬಹುದು. ಸಾಮಾನಿಗೆ ಖರೀದಿ ಬೆಲೆಯ ಒಂದೂವರೆ ಪಟ್ಟು. ಡೆವಲಪರ್ ಸೇರಿ ಒಂದು ಟ್ಯೂಬ್‌ನ ಖರೀದಿ ಬೆಲೆ 40 ಅಂತ ಇಟ್ಟುಕೊಳ್ಳೋಣ.

ಟಚ್ ಅಪ್‌ಗೆ ಕೈಕೆಲಸ 50 ನಿಮಿಷ, ಅಂದರೆ 100. ಕಾಯುವುದು 35. ಅರ್ಧ ಟ್ಯೂಬ್‌ಗೆ 30. ಒಟ್ಟು 165. ಗಲ್ಲದವರೆಗಿನ ಕೂದಲಿಗೆ ತಲೆಪೂರ್ತಿ ಬಣ್ಣ: ಕೈಕೆಲಸ 60 ನಿಮಿಷಕ್ಕೆ 120, ಕಾಯಲು 40, ಒಂದು ಟ್ಯೂಬ್‌ಗೆ 60, ಒಟ್ಟು 220. ಕಾಯುವ 40 ಎಲ್ಲ ಉದ್ದಕ್ಕೂ ಅಷ್ಟೇ. ಭುಜದವರೆಗೆ ಇದ್ದರೆ ಕೈಕೆಲಸ 75 ನಿಮಿಷ ಮತ್ತು ಒಂದೂವರೆ ಟ್ಯೂಬ್, 280 ಆಗುತ್ತದೆ. ಬೆನ್ನಿನ ಮಧ್ಯದವರೆಗೆ ಇದ್ದರೆ 100 ನಿಮಿಷ, ಎರಡೂವರೆ ಟ್ಯೂಬ್, 390.

ಈಗ ಹಳೆಯ ಕಾರ್ಡ್ ನೋಡಿ. ಟಚ್ ಅಪ್ 180, ಗ್ಲೋಬಲ್ ಯಾವ ಉದ್ದಕ್ಕೂ 220. ಅಂದರೆ 220 ಸರಿಯಾಗಿದ್ದದ್ದು ಗಿಡ್ಡ ಕೂದಲಿಗೆ ಮಾತ್ರ. ಉದ್ದ ಕೂದಲಿನ ಪ್ರತಿ ತಲೆಗೂ 170 ಕಡಿಮೆ ತೆಗೆದುಕೊಳ್ಳುತ್ತಿದ್ದೆವು, ಅದರ ಒಂದು ಪಾಲನ್ನು ಟಚ್ ಅಪ್‌ಗೆ ತಿಂಗಳು ತಿಂಗಳು ತಪ್ಪದೆ ಬರುವವರು 15 ಜಾಸ್ತಿ ಕೊಟ್ಟು ತುಂಬುತ್ತಿದ್ದರು. ಇದು ಗೊತ್ತಾದಾಗ ನನಗೆ ನಿಜಕ್ಕೂ ಬೇಜಾರಾಯಿತು, ನಮ್ಮನ್ನು ನಂಬಿ ಬರುವವರೇ ಅವರು. ಹೊಸ ದರದಲ್ಲಿ ಟಚ್ ಅಪ್ 160. ತಲೆಪೂರ್ತಿ ಬಣ್ಣ 220, 300, 380. 280 ಮತ್ತು 390ನ್ನು ಸ್ವಲ್ಪ ಸರಿಸಿದ್ದು ಮೆಟ್ಟಿಲು ಸಮ ಆಗಲಿ ಅಂತ. ಒಂದೊಂದು ಉದ್ದಕ್ಕೂ 80 ಏರುತ್ತದೆ ಅಂದರೆ ಫೋನಿನಲ್ಲಿ ಹೇಳುವುದೂ ಸುಲಭ, ಕೇಳುವವರಿಗೂ ನಂಬಿಕೆ ಬರುತ್ತದೆ.

ಉದ್ದವನ್ನು ಮೀಡಿಯಂ, ಲಾಂಗ್ ಅಂತ ಬರೆದು ಬಿಡಬೇಡಿ. ಗಲ್ಲದವರೆಗೆ, ಭುಜದವರೆಗೆ, ಬೆನ್ನಿನ ಮಧ್ಯದವರೆಗೆ ಅಂತ ಮೈಮೇಲಿನ ಗುರುತು ಬರೆಯಿರಿ, ಎಲ್ಲ ಪುಟದಲ್ಲೂ ಅದೇ ಗುರುತು ಇರಲಿ. ಗುಂಗುರು ಕೂದಲನ್ನು ಎಳೆದು ಹಿಡಿದು ನೋಡಬೇಕು, ಬಣ್ಣ ಹಿಡಿಯುವುದು ಪೂರ್ತಿ ಉದ್ದವನ್ನೇ ಅಲ್ವಾ? ಹೀಗೆ ಉದ್ದದ ಲೆಕ್ಕಕ್ಕೆ ಬಂದ ಮೇಲೆ ಗಂಡಸರಿಗೆ, ಹೆಂಗಸರಿಗೆ ಅಂತ ಬೇರೆ ದರ ಇಡುವ ಅಗತ್ಯವೂ ಇರುವುದಿಲ್ಲ. ಕೂದಲು ತುಂಬಾ ದಟ್ಟ ಇದ್ದು ಇನ್ನೊಂದು ಟ್ಯೂಬ್ ಬೇಕಾದರೆ ಅದರ ದರ ಕಾರ್ಡ್‌ನಲ್ಲೇ ಇರಲಿ, ಬಣ್ಣ ಕಲಸುವ ಮುಂಚೆಯೇ ಹೇಳಿ.

ಹೈಲೈಟ್ಸ್‌ನಲ್ಲಿ ಇನ್ನೊಂದು ಥರದ ತಪ್ಪು ಅಡಗಿರುತ್ತದೆ. ನಮ್ಮಲ್ಲಿ ಒಂದು ಎಳೆಗೆ 20, ಅರ್ಧ ತಲೆಗೆ 350 ಅಂತಿತ್ತು. ಗುಣಿಸಿ ನೋಡಿ. 17 ಎಳೆಗೆ 340, 18 ಎಳೆಗೆ 360. ಅಂದರೆ 20 ಎಳೆ ಹಾಕಿಸಿಕೊಂಡವರು ಅರ್ಧ ತಲೆ ಮಾಡಿಸಿಕೊಂಡವರಿಗಿಂತ 50 ಜಾಸ್ತಿ ಕೊಡುತ್ತಿದ್ದರು. ಎಳೆ ಲೆಕ್ಕ ತೆಗೆದು, "ಮುಖದ ಸುತ್ತ ಮಾತ್ರ, 12 ಫಾಯಿಲ್‌ವರೆಗೆ" ಅಂತ 240ರ ಒಂದು ಸಾಲು ಮಾಡಿದೆವು. ಅದರ ಮೇಲೆ ಅರ್ಧ ತಲೆ, ಆಮೇಲೆ ಪೂರ್ತಿ ತಲೆ. ಟೋನರ್ ಮೂರರಲ್ಲೂ ಸೇರಿದೆ ಅಂತ ಬರೆದು, ಅದರ ಖರ್ಚನ್ನು ಸಾಮಾನಿನ ಲೆಕ್ಕಕ್ಕೆ ಸೇರಿಸಿ, ಅರ್ಧ ತಲೆಯ ದರವನ್ನು 380ಕ್ಕೆ ಏರಿಸಿದೆವು. ಎಳೆ ಲೆಕ್ಕ, ಪ್ಯಾಕೇಜ್ ಎರಡೂ ಇರುವ ಕಡೆಯೆಲ್ಲ ಹೀಗೆ ಗುಣಿಸಿ ನೋಡಿ. ವ್ಯಾಕ್ಸಿಂಗ್‌ನಲ್ಲೂ ಬಿಡಿ ಬಿಡಿಯಾಗಿ ಕೂಡಿಸಿದರೆ ಪೂರ್ತಿ ಕಾಲಿಗಿಂತ ಕಡಿಮೆ ಆಗುವ ಕಾರ್ಡ್‌ಗಳಿವೆ.

"ಇಷ್ಟರಿಂದ ಶುರು" ಅನ್ನುವ ಮಾತನ್ನು ಬಣ್ಣ ತಿದ್ದುವ ಕೆಲಸಕ್ಕೆ ಮಾತ್ರ ಉಳಿಸಿಕೊಳ್ಳಿ. ಅಲ್ಲಿ ಕೂದಲು ನೋಡದೆ ದರ ಹೇಳಲು ನಿಜಕ್ಕೂ ಆಗುವುದಿಲ್ಲ. ಉಳಿದ ಕಡೆ ಹಾಕಿದರೆ ಬಿಲ್ ಎಷ್ಟಾಗುತ್ತದೋ ಅನ್ನುವ ಭಯ ಉಳಿಯುತ್ತದೆ. ತೆರಿಗೆ ಸೇರಿಸುವುದಾದರೆ ಎಲ್ಲ ಸಾಲಿಗೂ ಸೇರಿಸಿ.

ಅಚ್ಚಿಗೆ ಕೊಡುವ ಮುಂಚೆ

ಎರಡು ವಾರ ಸಾದಾ ಪ್ರಿಂಟ್ ತೆಗೆದ ಹಾಳೆಯಲ್ಲೇ ನಡೆಸಿ. ಕೌಂಟರ್‌ನಲ್ಲಿ ಒಂದು ಪೆನ್ ಇಟ್ಟು, ಯಾರಾದರೂ "ಅಂದ್ರೆ ಏನು?" ಅಂತ ಕೇಳಿದ ಸಾಲಿಗೆ ಒಂದು ಗೀಟು, ಬಿಲ್ಲಿನಲ್ಲಿ ಕೈಯಾರೆ ದರ ಬದಲಿಸಿದ ಸಾಲಿಗೆ ಒಂದು ಚುಕ್ಕೆ ಹಾಕಿ. ಗೀಟು ಜಾಸ್ತಿ ಇದ್ದರೆ ವಿವರ ತಿದ್ದಬೇಕು. ಚುಕ್ಕೆ ಜಾಸ್ತಿ ಇದ್ದರೆ ಸ್ಟೈಲಿಸ್ಟ್‌ಗಳಿಗೇ ಆ ದರ ಒಪ್ಪಿಗೆ ಆಗಿಲ್ಲ ಅಥವಾ ನಿಮಿಷದ ಲೆಕ್ಕ ತಪ್ಪಿದೆ, ಕೂತು ಮಾತಾಡಿ.

ಆಮೇಲೆ ಐದೂ ಕಡೆ ಒಂದೇ ದಿನ ಬದಲಿಸಿ, ಬಿಲ್ಲಿಂಗ್‌ನ ಹೆಸರುಗಳನ್ನೂ ಸೇರಿಸಿ. ಮುಂಚೆಯೇ ಬುಕ್ ಮಾಡಿದವರಿಗೆ ಹಳೆಯ ದರವನ್ನೇ ಹಾಕಿ. ಕನ್ನಡಿಯ ಪಕ್ಕ ಸಿಕ್ಕಿಸಿದ ಹಳೆಯ ಕಾರ್ಡ್‌ಗಳು ಎಲ್ಲರಿಗೂ ನೆನಪಿರುತ್ತವೆ. ಸಿಬ್ಬಂದಿಯ ಫೋನಿನಲ್ಲಿರುವ ಹಳೆಯ ಫೋಟೊ ನೆನಪಿರುವುದಿಲ್ಲ, ಅದನ್ನು ಒಬ್ಬೊಬ್ಬರ ಫೋನಿನಿಂದಲೂ ಅಳಿಸಿ, ಹೊಸದನ್ನು ಅಲ್ಲೇ ಕಳಿಸಿಬಿಡಿ.